ಮಾರ್ಚ್ 31ರ ನೈಟ್ ಶಿಫ್ಟ್: ಸ್ಟೋರ್ಸ್ ಕ್ಲಾರ್ಕಿನ ಕತೆಯಲ್ಲಿ ಲೆಕ್ಕ ಎಲ್ಲಿ ತಪ್ಪಬೇಕು?

ಟಿಳಕವಾಡಿ_ಕತಿಗಾರ್ತಿ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕತೆ ಬರೆಯುತ್ತಿದ್ದೇನೆ. ಬೆಳಗಾವಿಯ ಉದ್ಯಮಬಾಗಿನಲ್ಲಿ ಒಂದು ಕಾರ್ಖಾನೆ. ಫೌಂಡ್ರಿಯಿಂದ ಬಂದ ಎರಕದ ಭಾಗಗಳನ್ನು ಸಿಎನ್‌ಸಿ ಲೇತಿನಲ್ಲಿ ಕೊರೆದು ಕಳಿಸುತ್ತಾರೆ. ಕಲ್ಲಪ್ಪ ಅಲ್ಲಿಯ ಸ್ಟೋರ್ಸ್ ಕ್ಲಾರ್ಕ್, ರಾತ್ರಿ 11ರಿಂದ ಬೆಳಿಗ್ಗೆ 7ರ ಪಾಳಿ. ಮಾರ್ಚ್ 31ರ ರಾತ್ರಿ 11ಕ್ಕೆ ರಿಜಿಸ್ಟರ್ ಬಂದ್ ಆಗಿ ಬಾರ್‌ಕೋಡ್ ಶುರುವಾಗುತ್ತದೆ. ಈಗಿರುವ ಕರಡಿನ ಒಂದು ತುಣುಕು:

> ಎರಡೂವರೆಗೆ ಕರೆಂಟು ಹೋಯಿತು. ಸ್ಕ್ಯಾನರಿನ ಕೆಂಪು ಬೆಳಕು ಆರಿತು. ಕಿಡಕಿಯ ಆಚೆ ನಿಂತ ಆಪರೇಟರ್ "ಕಾಕಾ, ಇನ್ಸರ್ಟ್ ಬೇಕು" ಅಂದ. ಕಲ್ಲಪ್ಪ ಕಪಾಟಿನಿಂದ ಹಳೇ ರಿಜಿಸ್ಟರ್ ತೆಗೆದು, ಬ್ಯಾಟರಿ ಬೆಳಕಿನಲ್ಲಿ ಪುಟ ತಿರುವಿದ.

ಕೊನೆಗೆ ಬೆಳಿಗ್ಗೆ ರಿಜಿಸ್ಟರುಗಳೆಲ್ಲ ರದ್ದಿಗೆ ಹೋಗುತ್ತವೆ ಅಂತ ಬರೆದಿದ್ದೇನೆ. ಸ್ಟೋರ್ಸ್ ಕೆಲಸ ಬಲ್ಲವರು ಹೇಳಿ: ಆ ರಾತ್ರಿ ನಿಜವಾಗಿ ಕೆಡುವುದು ಏನು? ಕಲ್ಲಪ್ಪನಿಗೆ ಗೊತ್ತಿದ್ದು ಕಂಪ್ಯೂಟರಿಗೆ ಗೊತ್ತಿಲ್ಲದ್ದು ಏನಿರಬಹುದು?

---

ಉದ್ಯಮಬಾಗ_ಸ್ಟೋರ್ಸ್

ಅಕ್ಕಾರ, ಕರೆಂಟ್ ಹೋಗೂದು ಬ್ಯಾಡ್ರಿ. ಕರೆಂಟ್ ಹೋದ್ರ ಲೇತ್ ಸೈತ ನಿಲ್ತಾವ, ಇನ್ಸರ್ಟ್ ಕೇಳಾಕ ಯಾರೂ ಬರಂಗಿಲ್ಲ. ಸ್ಟೋರ್ಸ್ ಕಂಪ್ಯೂಟರಿಗೆ ಯುಪಿಎಸ್ ಇರ್ತೈತಿ, ಬರೇ ಕತ್ತಲಿಗೆ ಕತಿ ನಿಲ್ಲಂಗಿಲ್ಲ.

ಮೊದಲ ರಾತ್ರಿ ಕೆಡೂದು ಸ್ಕ್ಯಾನರ್ ಅಲ್ಲ, ಆರಂಭದ ಶಿಲ್ಕು. ಸ್ಕ್ಯಾನರ್ ಬರೇ ಓದತೈತಿ. ಅದರ ಹಿಂದ ಇರೂ ಅಂಕಿ ಆವತ್ತ ಸಂಜಿಕ ಯಾರೋ ಎಣಿಸಿ, ಇನ್ಯಾರೋ ಎಕ್ಸೆಲ್ಲಿನಾಗ ಟೈಪ್ ಮಾಡಿ ಏರಿಸಿದ್ದು. ಈ ಇಬ್ಬರ ನಡುವ ತಪ್ಪು ಹುಟ್ಟತೈತಿ.

ನಿಮ್ಮ ಕತಿಗೆ ಒಂದು ಲೆಕ್ಕ ಕೊಡ್ತೀನಿ, ತಗೋರಿ. ವಸ್ತು ಒಂದ: ಲೇತಿಗೆ ಹಾಕೂ ಕಾರ್ಬೈಡ್ ಇನ್ಸರ್ಟ್, `CNMG 120408`. ಇದು 10ರ ಡಬ್ಬಿಯೊಳಗ ಬರತೈತಿ. ಸ್ಟೋರ್ಸಿನಾಗ ಇದರ ಕೋಡ್ `INS-CN-041` ಅಂತ ಇಟ್ಕೋರಿ. 31ರ ರಾತ್ರಿ 9ಕ್ಕ ಇಶ್ಯೂ ನಿಲ್ಲಿಸಿ ಎಣಿಸ್ತಾರ. ಬಿನ್ನಿನಾಗ 4 ತುಂಬಿದ ಡಬ್ಬಿ, 6 ಬಿಡಿ, ಅಂದ್ರ 46. ಎಣಿಸಿದಾವ ಚೀಟಿ ಮ್ಯಾಲ "4 + 6" ಅಂತ ಬರೀತಾನ, ಅವನ ಮಟ್ಟಿಗೆ ಅದು ಸರಿ. ಟೈಪ್ ಮಾಡಾವ ಬಿನ್ ನೋಡಿರಂಗಿಲ್ಲ, 600 ಚೀಟಿ ಮುಂದ ಕುಂತಿರ್ತಾನ. 4 ಕೂಡ್ಸು 6, ಹತ್ತು. ಕಂಪ್ಯೂಟರಿನಾಗ ಶಿಲ್ಕು 10.

ಎಣಿಕಿ ಮುಗದ ಮ್ಯಾಲ, 10:40ಕ್ಕ, ಸೆಕೆಂಡ್ ಶಿಫ್ಟಿನ ಒಂದು ಮಷಿನ್ ನಿಂತಿತು ಅಂತ 2 ಇನ್ಸರ್ಟ್ ಕಾಗದದ ಚೀಟಿ ಮ್ಯಾಲ ಕೊಟ್ಟಾರ. ಆ ಚೀಟಿ ಕ್ಲಿಪ್ಪಿನಾಗ ಸಿಗಿಸಿ ಐತಿ. 11ಕ್ಕ ಕಲ್ಲಪ್ಪ ಬಂದಾಗ ಬಿನ್ನಿನಾಗ 44, ಪರದೆ ಮ್ಯಾಲ 10. ಎರಡೂವರಿಗೆ ಆಪರೇಟರ್ ಬಂದು 12 ಕೇಳ್ತಾನ. ಸ್ಕ್ಯಾನ್ ಮಾಡಿ 12 ಹೊಡದ ಕೂಡ್ಲೆ ಸಾಕಷ್ಟು ಸ್ಟಾಕ್ ಇಲ್ಲ ಅಂತ ತಡೀತೈತಿ. ಶಿಲ್ಕು ಸೊನ್ನೆಗಿಂತ ಕೆಳಗ ಹೋಗಬಾರದು ಅಂತ ಮೊದಲ ದಿನ ಬಹಳ ಕಡೆ ಕಟ್ಟುನಿಟ್ಟು ಇಟ್ಟಿರ್ತಾರ.

ಕಣ್ಣ ಮುಂದ 44 ಐತಿ, ಕೊಡಾಕ ಬರಂಗಿಲ್ಲ. ನಿಮ್ಮ ಕತಿ ಇಲ್ಲಿ ಐತ್ರಿ.

---

ಹುಕ್ಕೇರಿ_ಲೆಕ್ಕಪತ್ರ

ಚೆನ್ನಾಗಿದೆ. ತಪ್ಪು ಹುಡುಕುವುದಕ್ಕೆ ಹಳೆಯ ಗುಮಾಸ್ತರ ದಾರಿಯೊಂದಿದೆ, ಕಲ್ಲಪ್ಪನಿಗೆ ಅದು ಬಂದೇ ಬರುತ್ತದೆ. ವ್ಯತ್ಯಾಸವನ್ನು 9ರಿಂದ ಭಾಗಿಸಬೇಕು. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲು ಆಗಿದೆ ಎಂದು ಅರ್ಥ. 46 ಬರೆಯುವಲ್ಲಿ 64 ಬರೆದರೆ ವ್ಯತ್ಯಾಸ 18. ಹಾಗಾಗಿ ಇಲ್ಲಿ ಕಲ್ಲಪ್ಪ ಅದಲುಬದಲಾದ ಅಂಕಿ ಹುಡುಕಬೇಕು.

---

ಉದ್ಯಮಬಾಗ_ಸ್ಟೋರ್ಸ್

ಒಂಬತ್ತರ ಮಾತು ಖರೇ ಐತ್ರಿ, ಅರ್ಧ. ಅಂಕಿ ತಿರುವುಮುರುವು ಆದ್ರ ವ್ಯತ್ಯಾಸ 9ರಿಂದ ಭಾಗ ಹೋಗತೈತಿ. ಆದ್ರ ಭಾಗ ಹೋದದ್ದೆಲ್ಲ ತಿರುವುಮುರುವು ಅಲ್ಲ. 10ರ ಡಬ್ಬಿಯನ್ನ 1 ಅಂತ ಎಣಿಸಿದಾಗ ಪ್ರತಿ ಡಬ್ಬಿಗೆ 9 ಕಳೀತೈತಿ. 4 ಡಬ್ಬಿಗೆ 36. 46ರಾಗ 36 ಕಳದ್ರ 10. ಇಲ್ಲಿ ಯಾವ ಅಂಕಿನೂ ಅದಲುಬದಲು ಆಗಿಲ್ಲ. ಡಬ್ಬಿ 12ರದ್ದು ಇದ್ದಿದ್ರ 11ರ ಗುಣಕ ಬರ್ತಿತ್ತು, 5ರದ್ದು ಇದ್ದಿದ್ರ 4ರದ್ದು.

ಇನ್ನೊಂದು ತೊಡಕು ನೋಡ್ರಿ, ಕತಿಗೆ ಇದು ಉಪಯೋಗ ಬೀಳತೈತಿ. ಕಲ್ಲಪ್ಪ ಎರಡೂವರಿಗೆ ಬಿನ್ ಎಣಿಸಿದ್ರ 44 ಸಿಗತೈತಿ, 46 ಅಲ್ಲ. ಪರದೆ ಮ್ಯಾಲ 10. ವ್ಯತ್ಯಾಸ 34, ಅದು 9ರಿಂದ ಭಾಗ ಹೋಗಂಗಿಲ್ಲ. ಅಲ್ಲಿಗೆ ಅವನ ಹತ್ಯಾರ ಕೆಲಸ ಮಾಡೂದಿಲ್ಲ. ಕ್ಲಿಪ್ಪಿನಾಗ ಸಿಗಿಸಿದ 10:40ರ ಚೀಟಿ ನೆನಪಿಗೆ ಬಂದು, ಆ 2ನ್ನ ತಿರುಗಿ ಕೂಡಿಸಿದಾಗ 46 ಆಗತೈತಿ, ವ್ಯತ್ಯಾಸ 36 ಆಗತೈತಿ. ಒಂಬತ್ನಾಲ್ಕಲೇ ಮೂವತ್ತಾರು. ನಾಕು ಡಬ್ಬಿ.

ಎಣಿಕಿಯನ್ನ ಎಣಿಕಿ ಹೊತ್ತಿಗ ಹೋಲಿಸಬೇಕು. ಒಂಬತ್ತಕ್ಕ ಎಣಿಸಿದ್ದನ್ನ ಎರಡೂವರಿ ಬಿನ್ನಿಗೆ ಹೋಲಿಸಿದ್ರ ನಡುವಿನ ಚೀಟಿಗಳು ತಪ್ಪನ್ನ ಮುಚ್ಚಿಬಿಡ್ತಾವ.

---

ಇಳಕಲ್_ಕಿರಾಣಿ

ಒಂದು ಪ್ರಶ್ನೆ. ಇನ್ಸರ್ಟ್ ಡಬ್ಬಿ ಮೇಲೆ ಕಂಪನಿಯೇ ಬಾರ್‌ಕೋಡ್ ಹಾಕಿರುತ್ತದಲ್ಲ. ನಮ್ಮ ಕಿರಾಣಿ ಅಂಗಡಿಯಲ್ಲಿ ಸಾಬೂನು, ಬಿಸ್ಕೀಟು ಎಲ್ಲಕ್ಕೂ 890ರಿಂದ ಶುರುವಾಗುವ ಕೋಡ್ ಇರುತ್ತದೆ, ಅದನ್ನೇ ಹೊಡೆಯುತ್ತೇವೆ, ಬೇರೆ ಚೀಟಿ ಅಂಟಿಸುವುದಿಲ್ಲ. 890 ಇದ್ದರೆ ಇಂಡಿಯಾದಲ್ಲಿ ಮಾಡಿದ್ದು ಅಂತಲೂ ಗೊತ್ತಾಗುತ್ತದೆ. ಕಲ್ಲಪ್ಪನ ಕಾರ್ಖಾನೆಯವರು ಹೊಸ ಕೋಡ್ ಯಾಕೆ ಮಾಡಿಕೊಂಡರು? ಹಾಗೆಯೇ, ನಮ್ಮಲ್ಲಿ ಚೀಲ ಒಡೆದು ಮಾರುವ ಬೇಳೆಗೆ ಯಾವ ಪ್ರಿಂಟರ್ ತಗೋಬೇಕು, ಅದನ್ನೂ ಹೇಳಿ.

---

ಲೇಬಲ್_ಮನುಷ್ಯ

890 ಅಂದರೆ ಆ ಕಂಪನಿ ತನ್ನ ಕೋಡನ್ನು ಭಾರತದ ಜಿಎಸ್1 ಸಂಸ್ಥೆಯಿಂದ ಪಡೆದಿದೆ ಅಂತ. ಮಾಲು ಎಲ್ಲಿ ತಯಾರಾಯಿತು ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಡಬ್ಬಿಯ ಕೋಡ್ ಡಬ್ಬಿಯದ್ದು. ನಿಮ್ಮ ಅಂಗಡಿಯಲ್ಲಿ ಸಾಬೂನು ಒಂದೊಂದಾಗಿ ಹೋಗುತ್ತದೆ, ಒಂದೊಂದರ ಮೇಲೂ ಕೋಡ್ ಇದೆ. ಇನ್ಸರ್ಟ್ ಬಿಡಿಯಾಗಿ ಹೋಗುತ್ತದೆ, ಬಿಡಿ ಇನ್ಸರ್ಟಿನ ಮೇಲೆ ಲೇಬಲ್ ಅಂಟಿಸಲು ಜಾಗವಿಲ್ಲ. ಅದಕ್ಕೆ ಸ್ಟೋರ್ಸಿನಲ್ಲಿ ಲೇಬಲ್ ಬಿನ್ನಿಗೆ ಹಚ್ಚುತ್ತಾರೆ: ಬಿನ್ ಸ್ಕ್ಯಾನ್ ಮಾಡು, ಆಪರೇಟರಿನ ಗುರುತಿನ ಚೀಟಿ ಸ್ಕ್ಯಾನ್ ಮಾಡು, ಎಷ್ಟು ಅಂತ ಕೈಯಿಂದ ಹೊಡೆ. ಕಂಪನಿಯ ಕೋಡನ್ನೂ ಬಳಸಬಹುದು, ಆದರೆ ಅದನ್ನು ಹೊಡೆದಾಗ 10 ಇಳಿಯಬೇಕು, ಬಿನ್ ಹೊಡೆದಾಗ 1 ಇಳಿಯಬೇಕು ಅಂತ ಸಾಫ್ಟ್‌ವೇರಿಗೆ ಮೊದಲೇ ಹೇಳಿಡಬೇಕು. ಉದ್ಯಮಬಾಗದವರು ಹೇಳಿದ ತಪ್ಪು ಇದರದ್ದೇ ತಮ್ಮ.

ನಿಮ್ಮ ಬೇಳೆಯ ವಿಷಯ ಬೇರೆ. ಅದಕ್ಕೆ ಲೇಬಲ್ ಮುದ್ರಿಸುವ ತಕ್ಕಡಿ ನೋಡಿ, ತೂಕ ಕೋಡಿನ ಒಳಗೇ ಕೂರುತ್ತದೆ. ಬೇರೆ ಚರ್ಚೆ ತೆರೆದರೆ ಅಲ್ಲಿ ಬರೆಯುತ್ತೇನೆ.

---

ಮಚ್ಛೆ_ಟರ್ನರ್

ನಾ ಆಪರೇಟರ್ ಕಡಿಂದ ಹೇಳ್ತೀನ್ರಿ. ರಾತ್ರಿ ಎರಡೂವರಿಗೆ ಒಮ್ಮೆಲೆ 12 ಯಾಕ ಬೇಕಾತು? ಸುಮ್ಮ ಕೇಳಿದ್ರ ಯಾವ ಕ್ಲಾರ್ಕೂ ಕೊಡಂಗಿಲ್ಲ. ಈ ಇನ್ಸರ್ಟಿಗೆ ನಾಕು ಮೂಲಿ ಕತ್ತರಸ್ತಾವ, ಮ್ಯಾಲ ಎರಡ, ತಿರುವಿದ್ರ ಕೆಳಗ ಎರಡ. ಒಂದು ಮೂಲಿ ಸವದ್ರ ತಿರುಗಿಸಿ ಹಾಕ್ತೀವಿ. ಹಂಗಾಗಿ ಛಲೋ ಎರಕ ಇದ್ದಾಗ ಒಂದು ಪಾಳಿಗೆ 12 ಅನ್ನೂದು ಬಾಳ ಆತು.

ಕಾರಣ ಬೇಕಂದ್ರ ಚಿಲ್ ಆದ ಎರಕ ಹಾಕ್ರಿ. ತೆಳ್ಳನ ಫ್ಲ್ಯಾಂಜ್ ಇರೂ ಕಡೆ ಕರಗಿದ ಕಬ್ಬಿಣ ಲಗೂನ ತಣ್ಣಗಾಗಿ ಬಿಳಿ ಕಬ್ಬಿಣ ಆಗಿರ್ತೈತಿ, ಗಾಜಿನಂಗ ಗಟ್ಟಿ. ಟೂಲ್ ಅಲ್ಲಿಗೆ ಬಂದ ಕೂಡ್ಲೆ ಸಪ್ಪಳ ಬದಲಾಗಿ ಮೂಲಿ ಚಟ್ ಅಂತ ಒಡೀತೈತಿ. ಅರ (ಫೈಲ್) ತಿಕ್ಕಿದ್ರ ಹತ್ತಂಗಿಲ್ಲ, ಜಾರತೈತಿ. ಹಂತಾ ಲಾಟ್ ಎರಡು ಮಷಿನಿಗೆ ಬಿದ್ರ ಒಂದೊಂದಕ್ಕ 6 ಕೇಳೂದು ಸಹಜ. ಖರೇ ಹೇಳಬೇಕಂದ್ರ ಹಂತಾ ಲಾಟ್ ಬದಿಗಿ ಇಟ್ಟು ಫೌಂಡ್ರಿಗೆ ಹೇಳೂದು ಸರಿ. ರಾತ್ರಿ ಸುಪರ್‌ವೈಸರ್ ಪ್ರೊಡಕ್ಷನ್ ನಿಲ್ಲಸಬ್ಯಾಡ ಅಂತಾನ.

ಇನ್ನೊಂದ. ಹಳೇದು ಕೊಟ್ಟು ಹೊಸಾದು ಒಯ್ಯಬೇಕು. 12 ಒಡದ ಇನ್ಸರ್ಟ್ ಕಿಡಕಿ ಮ್ಯಾಲ ಸುರವಿದ ಮ್ಯಾಲ ಕಾಕಾ 12 ಕೊಡ್ತಾನ. ಅವು ಸ್ಕ್ರ್ಯಾಪಿನ ಡಬ್ಬಿಗೆ ಹೋಗ್ತಾವ, ಕಾರ್ಬೈಡ್ ಕಿಲೋ ಲೆಕ್ಕದಾಗ ಮಾರತೈತಿ. ಸ್ಕ್ಯಾನರಿಗೆ ಈ ಹಳೇವು ಕಾಣಂಗಿಲ್ಲ, ಇವಕ್ಕ ಲೇಬಲ್ ಇಲ್ಲ. ಕಲ್ಲಪ್ಪ ಅವನ್ನ ನೋಡಿದ್ರ ಹೇಳ್ತಾನ, ಸವದಾವೋ ಒಡದಾವೋ ಅಂತ. ಸವದದ್ದಕ್ಕ ಮೂಲಿ ಮ್ಯಾಲ ಸಣ್ಣ ಪಟ್ಟಿ ಕಾಣತೈತಿ, ಒಡದದ್ದಕ್ಕ ತುಂಡು ಎದ್ದಿರ್ತೈತಿ.

---

ಟಿಳಕವಾಡಿ_ಕತಿಗಾರ್ತಿ

ಅಣ್ಣಾರೆ, ಕತೆಯೇ ಬದಲಾಗಿ ಹೋಯಿತು. ಕರೆಂಟು ತೆಗೆದು ಹಾಕಿದೆ. ಹೊಸ ತುಣುಕು ನೋಡಿ:

> ಆಪರೇಟರ್ ಮುಷ್ಟಿ ಬಿಚ್ಚಿ ಹನ್ನೆರಡನ್ನೂ ಕಿಡಕಿಯ ಹಲಗೆಯ ಮೇಲೆ ಸುರುವಿದ. ಕಲ್ಲಪ್ಪ ಒಂದನ್ನು ಎತ್ತಿ ದೀಪಕ್ಕೆ ಹಿಡಿದ. ಮೂಲೆಯ ಚೂರು ಎದ್ದಿತ್ತು. ಎರಡನೆಯದೂ ಹಾಗೇ. "ಫ್ಲ್ಯಾಂಜಿನ ಲಾಟೇನು?" ಅಂದ. ಹುಡುಗ ಹೌದೆಂದು ತಲೆ ಅಲ್ಲಾಡಿಸಿದ. ಕಲ್ಲಪ್ಪ ಬಿನ್ನಿನ ಲೇಬಲಿಗೆ ಸ್ಕ್ಯಾನರ್ ಹಿಡಿದ, ಹುಡುಗನ ಚೀಟಿಗೆ ಹಿಡಿದ, 12 ಒತ್ತಿದ. ಪರದೆ ಕೆಂಪಾಯಿತು. ಇರುವುದು 10. ಅವನು ಬಿನ್ನಿನೊಳಗೆ ಕೈ ಹಾಕಿ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟ. ನಾಲ್ಕು. ಪಕ್ಕದಲ್ಲಿ ನಾಲ್ಕು ಬಿಡಿ.

ಇದರ ಮುಂದೆ ಕಲ್ಲಪ್ಪ ಏನು ಮಾಡುತ್ತಾನೆ? ಅವನೇ ಕಂಪ್ಯೂಟರಿನಲ್ಲಿ 44 ಅಂತ ತಿದ್ದಿಬಿಟ್ಟರೆ ಆಗುವುದಿಲ್ಲವೆ?

---

ಉದ್ಯಮಬಾಗ_ಸ್ಟೋರ್ಸ್

ತಿದ್ದಾಕ ಬರಂಗಿಲ್ರಿ. ಕ್ಲಾರ್ಕಿನ ಲಾಗಿನ್ನಿಗೆ ಇಶ್ಯೂ, ರಿಟರ್ನ್ ಎರಡ ಇರ್ತಾವ. ಶಿಲ್ಕು ತಿದ್ದೂದು ಸ್ಟೋರ್ಸ್ ಇನ್‌ಚಾರ್ಜ್ ಕೈಯಾಗ, ಮ್ಯಾಲ ಅಕೌಂಟ್ಸಿನ ಒಪ್ಪಿಗಿ. ಅದು ಹಂಗ ಇರೂದ ಸರಿ. ಮಾಲು ಕೊಡಾವನ ಶಿಲ್ಕು ತಿದ್ದೂ ಹಂಗಿದ್ರ ಕಳುವಿಗೆ ಬಾಗ್ಲಾ ತಗದಂಗ.

ಅವ ಮಾಡೂದು ಇಷ್ಟ. ಕಾಗದದ ಇಶ್ಯೂ ಸ್ಲಿಪ್ ಬರೀತಾನ, 12. ಆಪರೇಟರ್ ಸಹಿ, ರಾತ್ರಿ ಸುಪರ್‌ವೈಸರ್ ಸಹಿ, ವೇಳೆ 2:40. ಒಂದು ತುಂಬಿದ ಡಬ್ಬಿ, 2 ಬಿಡಿ ಕೊಡ್ತಾನ. ಬಿನ್ನಿನಾಗ 3 ಡಬ್ಬಿ, 2 ಬಿಡಿ ಉಳೀತಾವ, 32. ಸ್ಲಿಪ್ 10:40ರ ಚೀಟಿ ಹಿಂದ ಕ್ಲಿಪ್ಪಿಗೆ ಹೋಗತೈತಿ.

ಅಪಾಯ ಬೆಳಿಗ್ಗೆ ಐತಿ, ನಿಮ್ಮ ಕತಿ ಏರೂದು ಅಲ್ಲಿ. ಏಳಕ್ಕ ಸ್ಟೋರ್ಸ್ ಇನ್‌ಚಾರ್ಜ್ ಬರ್ತಾನ, ಅವಸರದಾಗ ಇರ್ತಾನ. ಬಿನ್ ಎಣಿಸ್ತಾನ: 32. ಕಂಪ್ಯೂಟರಿನಾಗ 10. 22 ಕೂಡಿಸಿ 32 ಮಾಡ್ತಾನ. ಕೆಲಸ ಮುಗೀತು ಅಂತಾನ. ಆಮ್ಯಾಲ ಕ್ಲಿಪ್ಪಿನಾಗಿನ ಚೀಟಿ ಬಾಕಿ ಅದಾವ ಅಂತ ಎರಡನ್ನೂ ಎಂಟ್ರಿ ಮಾಡ್ತಾನ, 12 ಮತ್ತ 2. ಶಿಲ್ಕು 18ಕ್ಕ ಇಳೀತೈತಿ. ಬಿನ್ನಿನಾಗ 32ನ ಐತಿ. ಹೊರಗ ಹೋದ 14 ಎರಡು ಸಲ ಕಳದು ಹೋದ್ವು: ಒಮ್ಮೆ ಎಣಿಕಿಯೊಳಗ, ಒಮ್ಮೆ ಚೀಟಿಯೊಳಗ. ಮುಂದಿನ ಎಣಿಕಿಯೊಳಗ 14 ಹೆಚ್ಚಿಗಿ ಬಂತು ಅಂತ ಎಲ್ಲಾರೂ ತಲಿ ಕೆರಕೋತಾರ, ಹೊತ್ತು ಹೋದ ಮ್ಯಾಲ ಹುಡುಕೂದು ಕಠಿಣ.

ಅದಕ್ಕ ಕಲ್ಲಪ್ಪ ಬರೇ "32 ಅದಾವ" ಅಂತ ಬರದಿಡಬಾರದು. ಹಿಂಗ ಬರೀಬೇಕು:

> 31ರ ರಾತ್ರಿ 9ಕ್ಕೆ ಎಣಿಕೆ: 4 ಡಬ್ಬಿ (10ರದ್ದು), 6 ಬಿಡಿ. ಒಟ್ಟು 46.
> 10:40ರ ಚೀಟಿ: 2. ಎಂಟ್ರಿ ಆಗಿಲ್ಲ.
> 2:40ರ ಚೀಟಿ: 12. ಎಂಟ್ರಿ ಆಗಿಲ್ಲ.
> ಈಗ ಬಿನ್ನಿನಲ್ಲಿ 32. ಕಂಪ್ಯೂಟರಿನಲ್ಲಿ 10. ಡಬ್ಬಿ ಬಿಡಿಯಾಗಿ ಎಂಟ್ರಿ ಆಗಿದೆ, 36 ಕಡಿಮೆ.

ಈ ನಾಕು ಸಾಲು ಇದ್ರ ಬೆಳಿಗ್ಗೆ ಬಂದಾವಗ ತಪ್ಪು ಮಾಡಾಕ ಜಾಗಾ ಇರಂಗಿಲ್ಲ. 10ಕ್ಕ 36 ಕೂಡಿಸು, 2 ಕಳಿ, 12 ಕಳಿ, 32. ಬಿನ್ನಿಗೆ ತಾಳಿ ಆತು.

---

ಲೇಬಲ್_ಮನುಷ್ಯ

ಒಂದು ಕಡೆ ನನಗೆ ಒಪ್ಪಿಗೆಯಿಲ್ಲ. 12ನ್ನೂ ಚೀಟಿಯಲ್ಲಿ ಯಾಕೆ ಬರೆಯಬೇಕು? ಕಂಪ್ಯೂಟರ್ 10 ಕೊಡುತ್ತೇನೆ ಅನ್ನುತ್ತಿದೆ. 10 ಸ್ಕ್ಯಾನ್ ಮಾಡಿ, ಉಳಿದ 2ಕ್ಕೆ ಚೀಟಿ ಬರೆಯಲಿ. ಹೊಸ ಪದ್ಧತಿಯ ಮೊದಲ ರಾತ್ರಿ ಆದಷ್ಟು ವ್ಯವಹಾರ ಕಂಪ್ಯೂಟರಿನಲ್ಲೇ ಇರಬೇಕು. ಎಲ್ಲ ಚೀಟಿಗೆ ಬಿಟ್ಟರೆ ಒಂದು ವಾರದಲ್ಲಿ ಮತ್ತೆ ಕಾಗದಕ್ಕೇ ಹೋಗುತ್ತಾರೆ.

---

ಉದ್ಯಮಬಾಗ_ಸ್ಟೋರ್ಸ್

10 ಸ್ಕ್ಯಾನ್ ಮಾಡಿದ್ರ ಶಿಲ್ಕು ಸೊನ್ನೆ ಆಗತೈತಿ. ಬಹಳ ಸಾಫ್ಟ್‌ವೇರಿನಾಗ ಕನಿಷ್ಠ ಮಟ್ಟಕ್ಕಿಂತ ಇಳದ್ರ ತಾನ ಖರೀದಿಗೆ ಇಂಡೆಂಟ್ ಹೋಗತೈತಿ. ಬಿನ್ನಿನಾಗ 32 ಇದ್ದಾಗ ಬೆಳಿಗ್ಗೆ ಖರೀದಿಯಾವ ಡಬ್ಬಿಗೆ ಆರ್ಡರ್ ಹಾಕ್ತಾನ. ಮ್ಯಾಲ ಒಂದ ಬೇಡಿಕಿಗೆ ಎರಡು ದಾಖಲೆ ಆತು, ಅರ್ಧ ಇಲ್ಲಿ ಅರ್ಧ ಅಲ್ಲಿ. 2ರ ಚೀಟಿ ನೋಡಿದಾವ ಆ ಹುಡುಗ ಎರಡ ಒಯ್ದ ಅಂತ ತಿಳೀತಾನ.

---

ಲೇಬಲ್_ಮನುಷ್ಯ

ಇಂಡೆಂಟನ್ನು ಖರೀದಿಯವರು ಆರ್ಡರ್ ಮಾಡುವ ಮೊದಲು ನೋಡಿಯೇ ನೋಡುತ್ತಾರೆ. ನಾಲ್ಕು ಗಂಟೆಗೆ ಇನ್ನೊಬ್ಬ ಬಂದು 6 ಕೇಳಿದರೆ ನಿಮ್ಮ ದಾರಿಯಲ್ಲಿ ಕಂಪ್ಯೂಟರ್ ಆರಾಮಾಗಿ ಕೊಡುತ್ತದೆ, ಯಾಕೆಂದರೆ ಅದರ ಲೆಕ್ಕದಲ್ಲಿ 10 ಹಾಗೇ ಇದೆ. ಆಗ ಒಂದೇ ವಸ್ತುವಿನ ಒಂದು ಇಶ್ಯೂ ಚೀಟಿಯಲ್ಲಿ, ಅದರ ನಂತರದ್ದು ಕಂಪ್ಯೂಟರಿನಲ್ಲಿ. ಕ್ರಮ ತಪ್ಪಿತಲ್ಲ.

---

ಉದ್ಯಮಬಾಗ_ಸ್ಟೋರ್ಸ್

ಅದಕ್ಕ ಒಮ್ಮೆ ತಪ್ಪು ಕಂಡ ವಸ್ತುವಿನ ಬಿನ್ನಿಗೆ ಕೆಂಪು ಪಟ್ಟಿ ಹಚ್ಚಬೇಕು. ಸರಿ ಆಗೂತನಕ ಅದರ ವ್ಯವಹಾರ ಬರೇ ಚೀಟಿ ಮ್ಯಾಲ. ಉಳಿದ 599ಕ್ಕ ಸ್ಕ್ಯಾನರ್ ನಡೀಲಿ. ನಾ ಹಿಂಗ ಹೇಳ್ತೀನಿ, ನೀವು ಒಪ್ಪೂದಿಲ್ಲ ಅಂತ ಗೊತ್ತೈತಿ.

---

ಟಿಳಕವಾಡಿ_ಕತಿಗಾರ್ತಿ

ಈ ಜಗಳವನ್ನೇ ಕಲ್ಲಪ್ಪ ಮತ್ತು ಸಾಫ್ಟ್‌ವೇರ್ ಕಂಪನಿಯ ಹುಡುಗನ ನಡುವೆ ಫೋನಿನಲ್ಲಿ ಇಡಬಹುದು. ಹುಡುಗನನ್ನು ಮೂರ್ಖನನ್ನಾಗಿ ಮಾಡುವ ಮನಸ್ಸಿಲ್ಲ, ಅವನ ಮಾತಿಗೂ ತೂಕವಿದೆ. ಇನ್ನೊಂದು: ಸ್ಕ್ಯಾನರೇ ಕೆಡುವ ದೃಶ್ಯ ಒಂದಾದರೂ ಬೇಕು. ಪಾಳಿಯ ಶುರುವಿನಲ್ಲಿ, ಸಣ್ಣದು, ಆದರೆ ನಿಜವಾದದ್ದು.

---

ಲೇಬಲ್_ಮನುಷ್ಯ

ಹಾಗಾದರೆ ಕೀಬೋರ್ಡಿನ ತೊಂದರೆ ಇಡಿ. ತಂತಿಯ ಸಾದಾ ಸ್ಕ್ಯಾನರ್ ಕಂಪ್ಯೂಟರಿನ ಮಟ್ಟಿಗೆ ಇನ್ನೊಂದು ಕೀಬೋರ್ಡ್ ಅಷ್ಟೆ. ಲೇಬಲಿನಲ್ಲಿದ್ದ ಅಕ್ಷರಗಳನ್ನು ಬಹಳ ಬೇಗ ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತದೆ. ಹಾಗಾಗಿ ಕೀಬೋರ್ಡಿಗೆ ಆಗುವ ತೊಂದರೆಯೆಲ್ಲ ಇದಕ್ಕೂ ಆಗುತ್ತದೆ.

ಸೆಕೆಂಡ್ ಶಿಫ್ಟಿನವನು ಅದೇ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ನೋಟೀಸ್ ಟೈಪ್ ಮಾಡಿ ಹೋಗಿದ್ದಾನೆ, ಕೀಬೋರ್ಡ್ ಕನ್ನಡದಲ್ಲೇ ಉಳಿದಿದೆ. ಕಲ್ಲಪ್ಪ ಸ್ಕ್ಯಾನ್ ಮಾಡುತ್ತಾನೆ, ಬೀಪ್ ಬರುತ್ತದೆ, ಪರದೆಯಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳು ಬೀಳುತ್ತವೆ, ಇಂಥ ವಸ್ತು ಇಲ್ಲ ಅನ್ನುತ್ತದೆ. ಬೀಪ್ ಬಂದಿದೆ ಅಂದರೆ ಸ್ಕ್ಯಾನರ್ ಸರಿಯಾಗಿ ಓದಿದೆ, ತಪ್ಪು ಆಮೇಲಿನದು. ಇದನ್ನು ಪತ್ತೆ ಹಚ್ಚಲು `Notepad` ತೆರೆದು ಅಲ್ಲಿಗೆ ಸ್ಕ್ಯಾನ್ ಮಾಡಬೇಕು. ಲೇಬಲಿನ ಗೆರೆಗಳ ಕೆಳಗೆ ಅಚ್ಚಾದ ಅಕ್ಷರ ಹಾಗೇ ಬಂದರೆ ಸರಿ. `Caps Lock` ಒತ್ತಿದ್ದರೆ ಬಹುತೇಕ ಸ್ಕ್ಯಾನರುಗಳಲ್ಲಿ ಹೀಗೆ ಬರುತ್ತದೆ:

```
ins-cn-041
```

ಇನ್ನೊಂದು ಅಪಾಯ ಕರ್ಸರಿನದು. ಕರ್ಸರ್ ಸಂಖ್ಯೆಯ ಮನೆಯಲ್ಲಿ ಇದ್ದಾಗ ಬಿನ್ ಸ್ಕ್ಯಾನ್ ಆದರೆ ಕೋಡ್ ಹೋಗಿ ಸಂಖ್ಯೆಯ ಜಾಗದಲ್ಲಿ ಕೂರುತ್ತದೆ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರ ಇರುವುದರಿಂದ ಇಲ್ಲಿ ತಡೆಯುತ್ತದೆ. ಬರೀ ಅಂಕಿಯ ಕೋಡ್ ಇಟ್ಟುಕೊಂಡ ಕಾರ್ಖಾನೆಯಲ್ಲಿ ಅದೇ ದೊಡ್ಡ ಸಂಖ್ಯೆಯಾಗಿ ಒಳಗೆ ಹೋಗಬಹುದು.

ಲೇಬಲ್ ಅಗಲದ ಬಗ್ಗೆಯೂ ಒಂದು ಮಾತು, ಕತೆಯಲ್ಲಿ ಅಳತೆ ಬರೆಯುವುದಾದರೆ. `INS-CN-041`ರಂಥ ಹತ್ತು ಅಕ್ಷರ ಕೋಡ್ 128 ಎಂಬ ಬಾರ್‌ಕೋಡ್ ಪದ್ಧತಿಯಲ್ಲಿ 145 ಮನೆ ಹಿಡಿಯುತ್ತದೆ, ಒಂದು ಮನೆ ಅಂದರೆ ಅತಿ ಸಣ್ಣ ಗೆರೆಯ ಅಗಲ. ಸಣ್ಣ ಗೆರೆ 0.25 ಮಿ.ಮೀ. ಇದ್ದರೆ 36 ಮಿ.ಮೀ. ಮೇಲೆ ಸ್ವಲ್ಪ, ಎರಡೂ ಬದಿಗೆ ಎರಡೂವರೆ ಮಿ.ಮೀ. ಖಾಲಿ ಬಿಳಿ ಬೇಕು. ಒಟ್ಟು 41 ದಾಟುತ್ತದೆ. 50 ಮಿ.ಮೀ. ಲೇಬಲಿನಲ್ಲಿ ಸುಖವಾಗಿ ಕೂರುತ್ತದೆ, 38ರದ್ದರಲ್ಲಿ ಬದಿಯ ಬಿಳಿ ಹೋಗಿ ಓದುವುದಿಲ್ಲ. ಕಣ್ಣಿಗೆ ಲೇಬಲ್ ಚೆನ್ನಾಗಿಯೇ ಕಾಣುತ್ತದೆ, ಸ್ಕ್ಯಾನರ್ ಮಾತ್ರ ಸುಮ್ಮನಿರುತ್ತದೆ.

---

ಹುಕ್ಕೇರಿ_ಲೆಕ್ಕಪತ್ರ

ಒಂಬತ್ತರ ವಿಷಯದಲ್ಲಿ ಉದ್ಯಮಬಾಗದವರ ಮಾತು ಒಪ್ಪಿದೆ. ಆದರೆ ಅವರ ಕೊನೆಯ ಲೆಕ್ಕದಲ್ಲಿ ಒಂದು ದೋಷವಿದೆ. ಕತೆ ನಡೆಯುವುದು ಮಾರ್ಚ್ 31ರ ರಾತ್ರಿ. 10:40ಕ್ಕೆ ಹೋದ 2 ಇನ್ಸರ್ಟ್ ಹಳೆಯ ಹಣಕಾಸು ವರ್ಷದ ಖರ್ಚು. ಕಂಪ್ಯೂಟರಿನ ಆರಂಭದ ಶಿಲ್ಕು ಏಪ್ರಿಲ್ 1ರದ್ದು. 36 ಕೂಡಿಸಿ 46 ಮಾಡಿ, ಆಮೇಲೆ ಆ 2ನ್ನು ಕಂಪ್ಯೂಟರಿನಲ್ಲಿ ಕಳೆದರೆ, ಮಾರ್ಚಿನ ಖರ್ಚು ಏಪ್ರಿಲಿಗೆ ಬಿತ್ತು. 31ರ ಮುಕ್ತಾಯದ ದಾಸ್ತಾನು 2 ಹೆಚ್ಚಾಗಿ ತೋರುತ್ತದೆ, ಅದು ಬ್ಯಾಲೆನ್ಸ್ ಶೀಟಿಗೆ ಹೋಗುವ ಅಂಕಿ.

ಸರಿಯಾದದ್ದು ಹೀಗೆ. 2ರ ಚೀಟಿ ಹಳೇ ರಿಜಿಸ್ಟರಿನಲ್ಲಿ ಜಮಾ, ಖರ್ಚು, ಶಿಲ್ಕಿನ ಕೊನೆಯ ಸಾಲಾಗಿ ಬೀಳಬೇಕು: ಖರ್ಚು 2, ಶಿಲ್ಕು 44. ಅದರ ಕೆಳಗೆ ಎರಡು ಗೆರೆ ಎಳೆದು, ಕೊನೆಯ ಚೀಟಿಯ ನಂಬರ್ ಬರೆದು ಸಹಿ. ಕಂಪ್ಯೂಟರಿಗೆ ಹೋಗುವ ಆರಂಭ 44. ಅಂದರೆ ತಿದ್ದುಪಡಿ 34, ಕಳೆಯುವುದು 12 ಮಾತ್ರ. ಉತ್ತರ ಆಗಲೂ 32.

ಇದರೊಂದಿಗೆ ತಾರೀಖಿನ ತೊಡಕೂ ಇದೆ. ಪಾಳಿ 11ಕ್ಕೆ ಶುರು, ಆರಂಭದ ಶಿಲ್ಕು ಏಪ್ರಿಲ್ 1ರದ್ದು. 11:20ಕ್ಕೆ ಸ್ಕ್ಯಾನ್ ಮಾಡಿದ ಇಶ್ಯೂವಿಗೆ ಗಡಿಯಾರ 31ರ ತಾರೀಖು ಹಾಕುತ್ತದೆ. ಆ ತಾರೀಖಿನಲ್ಲಿ ಕಂಪ್ಯೂಟರಿನೊಳಗೆ ಏನೂ ಇಲ್ಲ. ತಡೆಯುತ್ತದೆ, ಇಲ್ಲವೆ ಶಿಲ್ಕು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹನ್ನೆರಡರ ತನಕ ಕಾಗದವೇ ನಡೆಯಬೇಕು. ಹೊಸ ಪದ್ಧತಿ 11ಕ್ಕೆ ಶುರು ಅಂತ ಬರೆದಿದ್ದೀರಿ, ಅದನ್ನು 12 ಮಾಡಿ.

---

ಉದ್ಯಮಬಾಗ_ಸ್ಟೋರ್ಸ್

ಇದು ಸರಿ ಐತ್ರಿ, ವರ್ಷದ ಗಡಿ ನಾ ಲೆಕ್ಕಕ್ಕ ತಗೊಂಡಿದ್ದಿಲ್ಲ. ತಿಂಗಳ ನಡುವ ಶುರು ಮಾಡಿದ್ರ ನನ್ನ ದಾರಿ ನಡೀತೈತಿ, ಮಾರ್ಚ್ 31ಕ್ಕ ನಿಮ್ಮದ ಖರೇ. ಒಂದ ಮಾತು: ತಿದ್ದುಪಡಿ ಕಾಗದದ ಮ್ಯಾಲ ಬರೇ 34 ಅಂತ ಬರದ್ರ ತಪ್ಪಿನ ಬೇರು ಯಾರಿಗೂ ತಿಳಿಯಂಗಿಲ್ಲ. "ಎಣಿಕೆ 46, ಚೀಟಿ 2, ಆರಂಭ 44, ಏರಿಸಿದ್ದು 10" ಅಂತ ಪೂರಾ ಬರೀಬೇಕು. 36 ಕಂಡ್ರಷ್ಟ ನಾಕು ಡಬ್ಬಿ ಕಾಣ್ತಾವ. ಆ ಟೈಪ್ ಮಾಡಿದಾವ ಡಬ್ಬಿಯೊಳಗ ಬರೂ ಬ್ಯಾರೆ ವಸ್ತುಗಳಿಗೂ ಹಿಂಗ ಮಾಡಿರ್ತಾನ. ಡ್ರಿಲ್, ಎಮರಿ ಪೇಪರ್, ಹ್ಯಾಂಡ್‌ಗ್ಲೌಸ್, ಎಲ್ಲಾ ಚೀಟಿ "ಇಷ್ಟು ಕೂಡ್ಸು ಅಷ್ಟು" ಅಂತ ಬರದಾವ ತಗದು ನೋಡಬೇಕು.

ಅಕ್ಕಾರ, ಇನ್ನೊಂದು ನೆನಪಿಡ್ರಿ. ಕಲ್ಲಪ್ಪನ ಪಾಳಿ ರಿಜಿಸ್ಟರಿನಾಗ ಒಂದ ದಿನ ಇತ್ತು. 31ರ ನೈಟ್ ಅಂತ ಬರದ್ರ ಬೆಳಿಗ್ಗೆ ಏಳರತನಕ ಅದ. ಕಂಪ್ಯೂಟರಿನಾಗ ಅವನ ಪಾಳಿ ಎರಡು ತಾರೀಖಿಗೆ ಹರೀತೈತಿ, ಒಂದು ತಾಸು ಇಲ್ಲಿ, ಏಳು ತಾಸು ಅಲ್ಲಿ. ಪಾಳಿವಾರು ಖರ್ಚಿನ ವರದಿ ಬೇಕಂದ್ರ ದಿನವನ್ನ ಏಳರಿಂದ ಏಳಕ್ಕ ಹಿಡಿ ಅಂತ ಮೊದಲ ಕೇಳಿ ಹಾಕಿಸಬೇಕು. ಇಲ್ಲಂದ್ರ ಕಲ್ಲಪ್ಪ ಕೊಟ್ಟ 12 ಮರುದಿನದ ನೈಟಿನ ಲೆಕ್ಕದಾಗ ಕಾಣ್ತಾವ.

---

ಟಿಳಕವಾಡಿ_ಕತಿಗಾರ್ತಿ

12ಕ್ಕೆ ಶುರು ಮಾಡಿದೆ. ಆ ಒಂದು ಗಂಟೆ ಕಲ್ಲಪ್ಪ ಕಾಗದದ ಮೇಲೆ ಕೊನೆಯ ಸಲ ಬರೆಯುತ್ತಾನೆ, ಎರಡು ಗೆರೆ ಎಳೆಯುತ್ತಾನೆ. ಬೆಳಿಗ್ಗೆ ರಿಜಿಸ್ಟರ್ ರದ್ದಿಗೆ ಹೋಗುವುದನ್ನು ಉಳಿಸಿಕೊಳ್ಳಲೇ?

---

ಹುಕ್ಕೇರಿ_ಲೆಕ್ಕಪತ್ರ

ಬೇಡ ತಾಯಿ, ಯಾವ ಲೆಕ್ಕಿಗನೂ ಬಿಡುವುದಿಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು, ದಾಸ್ತಾನಿನ ಲೆಕ್ಕವೂ ಅದರಲ್ಲಿ ಬರುತ್ತದೆ. ಕಾರ್ಖಾನೆ ಕಂಪನಿಯಾಗಿ ನೋಂದಣಿಯಾಗಿದ್ದರೆ ಕಂಪನಿ ಕಾಯ್ದೆಯಂತೆ ಎಂಟು ಹಣಕಾಸು ವರ್ಷ. ರಿಜಿಸ್ಟರನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ವರ್ಷ ಬರೆದು, ಒಣ ಜಾಗದ ಕಪಾಟಿಗೆ ಹಾಕಿ ಬೀಗ ಹಾಕುತ್ತಾರೆ. 10:40ರ ಚೀಟಿಯೂ ಅದರೊಳಗೇ ಇರಬೇಕು.

---

ಮಚ್ಛೆ_ಟರ್ನರ್

ಸಾಹೇಬ್ರ, ಒಂದು ಉಳೀತಲ್ರಿ. ಆ 12 ಒಡದ ಇನ್ಸರ್ಟ್ ಫೌಂಡ್ರಿ ತಪ್ಪಿಗೆ ಒಡದಾವ. ರಿಜಿಸ್ಟರಿನಾಗ ಕಾಕಾ ಬದಿಗೆ "ಚಿಲ್ ಲಾಟ್" ಅಂತ ಬರೀತಿದ್ದ, ತಿಂಗಳ ಕಡೀಗೆ ಆ ಬರಹ ನೋಡಿ ಫೌಂಡ್ರಿಗೆ ಖರ್ಚು ಹಾಕ್ತಿದ್ರು. ಸ್ಕ್ಯಾನ್ ಮಾಡೂ ಪರದೆ ಮ್ಯಾಲ ಹಂಗ ಬರಿಯಾಕ ಜಾಗಾ ಎಲ್ಲಿ ಐತಿ? ಇಲ್ಲಂದ್ರ ಈ ಖರ್ಚೆಲ್ಲಾ ಆಪರೇಟರ್ ಹೆಸರಿಗೆ ಬೀಳತೈತಿ, ಈಗ ಅವನ ಚೀಟಿನೂ ಸ್ಕ್ಯಾನ್ ಆಗಿರ್ತೈತಿ.

---

ಲೇಬಲ್_ಮನುಷ್ಯ

ಇಶ್ಯೂವಿಗೆ ಕಾರಣದ ಕೋಡ್ ಹಾಕಿಸಬಹುದು. ಸವೆತ, ಒಡೆದದ್ದು, ಗಟ್ಟಿ ಎರಕ, ಹೊಸ ಜಾಬ್ ಅಂತ ನಾಲ್ಕು ಲೇಬಲ್ ಮುದ್ರಿಸಿ ಕಿಡಕಿಯ ಪಕ್ಕ ಅಂಟಿಸಿದರೆ ಅದನ್ನೂ ಸ್ಕ್ಯಾನ್ ಮಾಡಬಹುದು. ಆದರೆ ಲಾಟ್ ನಂಬರ್ ಬೇಕೆಂದರೆ ಎರಕದ ತಟ್ಟೆಗೂ ಲೇಬಲ್ ಇರಬೇಕು, ಅದು ಫೌಂಡ್ರಿಯ ಕಡೆಯಿಂದಲೇ ಬರಬೇಕು.

---

ಮಚ್ಛೆ_ಟರ್ನರ್

ಫೌಂಡ್ರಿಯಾವ್ರು ತಮ್ಮ ತಪ್ಪಿನ ಲೇಬಲ್ ತಾವ ಅಂಟಿಸಿ ಕಳಸ್ತಾರೇನ್ರಿ? ಲಾಟ್ ನಂಬರ್ ಎರಕದ ಮೈಮ್ಯಾಲನ ಉಬ್ಬಿ ಬಂದಿದ್ರ ಕಾಕಾ ಅದನ್ನ ನೋಡಿ ಹೊಡೀಲಿ. ಪರದೆ ಮ್ಯಾಲ ಅದಕ್ಕೊಂದು ಮನಿ ಮಾಡಿ ಕೊಡ್ರಿ, ಸಾಕು.